‘ಎಐ ಬರೆದಿದ್ದು ಅಂತ ಗೊತ್ತಾಗದಂಗ ಮಾಡಿಕೊಡ್ರಿ’

ಕೊಪ್ಪಳದಲ್ಲಿ ನಾನು ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ ತಿದ್ದಿಕೊಡುತ್ತೇನೆ. ಈಗೀಗ ಹೆಚ್ಚು ಜನ ಕೇಳುವುದು ಇದನ್ನೇ: "ಸರ್, ಎಐ ಬರೆದಿದ್ದು ಅಂತ ಗೊತ್ತಾಗದಂಗ ಮಾಡಿಕೊಡ್ರಿ." ಆಗ ನಾನು ಮೊದಲು ತೆರೆಸಿ ನೋಡುವುದು ದೃಢೀಕರಣ ಪುಟ. ‘ಇದು ನನ್ನ ಸ್ವಂತ ಕೆಲಸ’ ಎಂದು ಸಹಿ ಹಾಕುವ ಪುಟ. ನಾನು ತಿದ್ದಿದ ಮೇಲೂ ಆ ಮಾತು ನಿಜವಾಗಿರುತ್ತದಾ ಅನ್ನುವುದೇ ನನ್ನ ಪ್ರಶ್ನೆ.

ಗಂಗಾವತಿಯ ಅಕ್ಕಿ ಗಿರಣಿಗಳ ಹಮಾಲರ ಬಗ್ಗೆ ಎಂ.ಎ. ವಿದ್ಯಾರ್ಥಿನಿಯೊಬ್ಬಳು ವರದಿ ತಂದಿದ್ದಳು. ಇಂಗ್ಲಿಷ್ ಪೂರ್ತಿ ಎಐನದು. ‘ಕಾರ್ಮಿಕರು ಹಲವು ಸವಾಲು ಎದುರಿಸುತ್ತಿದ್ದಾರೆ’ ಅನ್ನುವಂಥ ಸಾಲುಗಳು. ಆದರೆ ಅವಳ ನೋಟ್‌ಬುಕ್ಕಿನಲ್ಲಿ ಹಮಾಲರ ಮಾತೇ ಇತ್ತು: ಕೂಲಿ ಚೀಲದ ಲೆಕ್ಕದಲ್ಲಿ, ಲಾರಿ ಬರದ ದಿನ ದುಡ್ಡಿಲ್ಲ. ಒಂದೊಂದು ಪ್ಯಾರಾಕ್ಕೂ "ಇದನ್ನ ಯಾರು ಹೇಳಿದ್ರು?" ಅಂತ ಕೇಳುತ್ತಾ ಹೋದೆ. ಉತ್ತರ ಇಲ್ಲದ ಪ್ಯಾರಾ ತೆಗೆಸಿದೆ. ಉಳಿದದ್ದನ್ನು ಅವಳೇ ಕನ್ನಡದಲ್ಲಿ ಹೇಳಿ, ಆಮೇಲೆ ತನ್ನ ಇಂಗ್ಲಿಷಿನಲ್ಲಿ ಬರೆದಳು. ನಾನು ವ್ಯಾಕರಣ ಮಾತ್ರ ನೋಡಿದೆ. ಮೊದಲ ಕರಡಿಗೆ ಎಐ ಬಳಸಿದ್ದನ್ನೂ, ನಾನು ವ್ಯಾಕರಣ ತಿದ್ದಿದ್ದನ್ನೂ ಗೈಡ್‌ಗೆ ತಿಳಿಸಿ, ವರದಿಯಲ್ಲೂ ಒಂದು ಸಾಲು ಸೇರಿಸಿದಳು.

ಇನ್ನೊಬ್ಬ ಹುಡುಗನ ಹತ್ತಿರ ನೋಟ್‌ಬುಕ್ಕೇ ಇರಲಿಲ್ಲ. ಸಮೀಕ್ಷೆಯ ಕೋಷ್ಟಕ, ಶೇಕಡಾವಾರು ಎಲ್ಲ ಎಐ ಕೊಟ್ಟದ್ದು. ಅದನ್ನು ಎಷ್ಟು ಚೆನ್ನಾಗಿ ತಿದ್ದಿದರೂ, ಮಾಡದ ಸಮೀಕ್ಷೆಯನ್ನು ಮುಚ್ಚಿಟ್ಟ ಹಾಗೆಯೇ. ನಾನು ಮುಟ್ಟಲಿಲ್ಲ. "ಪ್ಲೇಜಿಯರಿಸಂ ಶೇ 10ರೊಳಗೆ ಬಂದೈತಿ ಸರ್" ಅಂದ. 2018ರ ಯುಜಿಸಿ ನಿಯಮದ ಆ ಮಿತಿ ಬೇರೆಯವರ ಬರಹದ ಜೊತೆ ಎಷ್ಟು ಹೋಲುತ್ತದೆ ಅನ್ನುವುದಕ್ಕೆ. ಸಮೀಕ್ಷೆ ನಡೆದಿದೆಯಾ ಇಲ್ಲವಾ ಅಂತ ಅದು ಹೇಳುವುದಿಲ್ಲ.

ತಾವೇ ಬರೆದರೂ ಎಐ ಬರೆದಿದ್ದು ಅನ್ನುತ್ತಾರೆ ಅನ್ನುವ ಮಕ್ಕಳ ಭಯ ಸುಳ್ಳಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಎಐ ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ತಾಯಿನುಡಿಯಲ್ಲದವರು ಬರೆದ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಎಐ ಬರಹ ಅಂದವು. ಸರಳ ಇಂಗ್ಲಿಷ್ ಬರೆದವರೇ ಸಿಕ್ಕಿಬೀಳುತ್ತಾರೆ. ಅದಕ್ಕೇ ಸಾಫ್ಟ್‌ವೇರ್‌ನಿಂದ ಸುಮ್ನೆ ಪದ ಬದಲಿಸಬೇಡಿ, ಗೂಗಲ್ ಡಾಕ್ಸ್‌ನಲ್ಲೇ ಬರೆಯಿರಿ ಅನ್ನುತ್ತೇನೆ. ಯಾವ ಸಾಲು ಯಾವಾಗ ಬಂತು ಅನ್ನುವುದು ಅದರ ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಅನುಮಾನ ಬಂದರೆ ತೋರಿಸಬಹುದು.

ಕಚೇರಿ ಕೆಲಸದ ಲೆಕ್ಕ ಬೇರೆ. ಮೀಟಿಂಗ್ ವರದಿಯನ್ನು ಯಾವುದರಲ್ಲಿ ಬರೆದಿರಿ ಅಂತ ಎಷ್ಟೋ ಕಡೆ ಕೇಳುವುದೇ ಇಲ್ಲ. ಆದರೆ ‘ಎಐ ಬಳಸಬಾರದು’ ಅಂತ ಒಪ್ಪಂದದಲ್ಲಿ ಬರೆದು, ಪದಕ್ಕಿಷ್ಟು ಅಂತ ದುಡ್ಡು ಕೊಡುವವರಿಗೆ ಎಐ ಬರಹ ತಿದ್ದಿಕೊಟ್ಟರೆ ಅದು ಮೋಸ. ಅನುಮಾನ ಇದ್ದರೆ, ಕೆಲಸ ಒಪ್ಪಿಕೊಳ್ಳುವ ಮೊದಲೇ "ಎಐ ಬಳಸಬಹುದಾ?" ಅಂತ ಮೇಲ್ ಹಾಕಿ ಅನ್ನುತ್ತೇನೆ. ಆ ಮೇಲ್ ಕಳಿಸಲು ಹಿಂಜರಿಯುವವರ ಬರಹ ನಾನು ತಿದ್ದುವುದಿಲ್ಲ.