ಅತ್ತೆಯ ಮಾತ್ರೆಗಳು: ಜರ್ಮನ್ ಡಬ್ಬಿಯಿಂದ ಅರಬ್ಬಿ ಚೀಟಿಗೆ

ಮಾತ್ರೆ ಡಬ್ಬಿಯ ಮೇಲೆ 1-0-1 ಎಂದು ಬರೆದುಕೊಡುವ ರೂಢಿ ನಮ್ಮೂರಿನಲ್ಲೂ ಇದೆ, ಜರ್ಮನಿಯಲ್ಲೂ ಇದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಕನ್ನಡ ಓದುವವರಿಗೂ ಜರ್ಮನ್ ಓದುವವರಿಗೂ ಇದರಲ್ಲಿ ಗೊಂದಲವಿಲ್ಲ. ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ, ದಿನವೂ ಅದೇ ದಾರಿಯಲ್ಲಿ ಸಾಗುತ್ತದೆ. ಅರಬ್ಬಿ ಓದುವ ಕಣ್ಣು ಬಲದಿಂದ ಹೊರಡುತ್ತದೆ. 1-0-0 ಎಂಬುದನ್ನು ಹಾಗೆ ಓದಿದರೆ ಬೆಳಗಿನ ಮಾತ್ರೆ ರಾತ್ರಿಗೆ ಬೀಳುತ್ತದೆ.

ನಾನು ಮಂಗಳೂರಿನಲ್ಲಿ ಫಾರ್ಮಸಿ ಓದಿದವಳು, ಈಗ ಮಸ್ಕತ್ತಿನಲ್ಲಿ ಔಷಧ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೇನೆ. ಗಂಡನ ಮನೆಯವರು ಒಮಾನಿಗಳು. ಅತ್ತೆಗೆ ಓದಲು ಬರುವುದು ಅರಬ್ಬಿ ಒಂದೇ. ಅವರು ಜರ್ಮನಿಯಲ್ಲಿರುವ ಕಿರಿಯ ಮಗನ ಮನೆಗೆ ಹೋಗಿದ್ದಾಗ ಕಾಲು ಊದಿಕೊಂಡು, ಉಸಿರು ಕಟ್ಟಿ, ಆಸ್ಪತ್ರೆ ಸೇರಬೇಕಾಯಿತು. ಬಿಡುಗಡೆಯಾಗುವಾಗ ನಾಲ್ಕು ಬಗೆಯ ಮಾತ್ರೆ ಬರೆದುಕೊಟ್ಟರು. ಮೈದುನ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾನೆ, ಸಂಜೆ ತಡವಾಗಿ ಬರುತ್ತಾನೆ. ಆದ್ದರಿಂದ ಅವನು ಜರ್ಮನ್ ಚೀಟಿಯನ್ನು ಅರಬ್ಬಿಯಲ್ಲಿ ಟೈಪ್ ಮಾಡಿ ಅಮ್ಮನ ಮೊಬೈಲಿಗೆ ಕಳಿಸಿದ್ದ.

ಫೋನಿನಲ್ಲಿ ಮಾತನಾಡುವಾಗ ಅತ್ತೆ, “ಇಲ್ಲಿನ ಚಳಿಗೋ ಏನೋ ಮಗಳೇ, ರಾತ್ರಿಯೆಲ್ಲ ಬಚ್ಚಲಿಗೆ ಏಳುವುದೇ ಆಗಿದೆ” ಎಂದರು. ಅವರ ಮಾತ್ರೆಗಳಲ್ಲಿ ಟೊರಾಸೆಮೈಡ್ ಇದೆ ಎಂದು ಮೈದುನ ಹೇಳಿದ್ದ. ಅದು ಮೂತ್ರ ಹೆಚ್ಚಿಸಿ ಮೈಯಲ್ಲಿ ನಿಂತ ನೀರನ್ನು ಇಳಿಸುವ ಔಷಧ. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರರಿಂದ ಎಂಟು ಗಂಟೆ ನಡೆಸುತ್ತದೆ. ಹಾಗಾಗಿಯೇ ಬೆಳಿಗ್ಗೆ ಕೊಡುತ್ತಾರೆ. ವಯಸ್ಸಾದವರು ಕತ್ತಲಲ್ಲಿ ನಾಲ್ಕೈದು ಸಲ ಏಳುವುದೆಂದರೆ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ. ಯಾವಾಗ ನುಂಗುತ್ತೀರಿ ಎಂದು ಕೇಳಿದೆ. ಮಲಗುವ ಮುಂಚೆ, ಚೀಟಿಯಲ್ಲಿ ಹಾಗೇ ಇದೆ ಎಂದರು.

ಮೈದುನ ಟೈಪ್ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಅವನು 1-0-0 ಎಂದೇ ಒತ್ತಿದ್ದ. ಆದರೆ ಅರಬ್ಬಿ ಅಕ್ಷರದ ಹಿಂದೆಯೇ ಅಡ್ಡಗೆರೆಯಿಂದ ಬೇರ್ಪಡಿಸಿದ ಅಂಕಿಗಳು ಬಂದರೆ, ಯೂನಿಕೋಡ್ ನಿಯಮದ ಪ್ರಕಾರ ಪ್ರತಿ ಅಂಕಿಯೂ ಬೇರೆ ಬೇರೆ ತುಂಡಾಗಿ ಬಲದಿಂದ ಎಡಕ್ಕೆ ಜೋಡಣೆಯಾಗುತ್ತದೆ. ತೆರೆಯ ಮೇಲೆ ಕಾಣುವುದು 0-0-1. ಅತ್ತೆಗೆ ಆಸ್ಪತ್ರೆಯಲ್ಲಿ ನರ್ಸ್ ಎಡಗಡೆಯದು ಬೆಳಿಗ್ಗೆ ಎಂದು ಬೆರಳಿಟ್ಟು ತೋರಿಸಿದ್ದರು. ಅವರು ಅದನ್ನೇ ನೆನಪಿಟ್ಟು ನಿಷ್ಠೆಯಿಂದ ಪಾಲಿಸಿದ್ದರು. ಅಡ್ಡಗೆರೆಯ ಬದಲು ಓರೆಗೆರೆ ಹಾಕಿ 1/0/0 ಎಂದು ಬರೆದರೆ ತೆರೆ ತಿರುಗಿಸುವುದಿಲ್ಲ, ಆದರೆ ಓದುವವರ ಕಣ್ಣು ತಿರುಗಿಸಬಹುದು. 1-0-1 ಎಂಬ ಮಾತ್ರೆ ಯಾವ ಕಡೆಯಿಂದ ಓದಿದರೂ ಒಂದೇ ಆದ್ದರಿಂದ, ಎಲ್ಲವೂ ಸರಿಯಾಗಿದೆ ಎಂಬ ಭ್ರಮೆಯನ್ನೂ ಹುಟ್ಟಿಸುತ್ತದೆ.

ಮೈದುನನಿಂದ ಆಸ್ಪತ್ರೆಗೆ ಫೋನ್ ಮಾಡಿಸಿದೆ. ರಾತ್ರಿ ನುಂಗಿದ್ದಾಗಿದೆ, ಮುಂದಿನದನ್ನು ಯಾವಾಗ ಕೊಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಅನುವಾದ ಮಾಡುವವರು ಅದನ್ನು ಊಹಿಸಬಾರದು. ಆಮೇಲೆ ಎಲ್ಲ ಡಬ್ಬಿಗಳ ಫೋಟೋ ಕಳಿಸು ಎಂದೆ.

ಫೋಟೋ ಹೇಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಯಿತು. ಡಬ್ಬಿಯ ಮುಂಭಾಗ ಮಾತ್ರ ಸಾಲದು. ಆರೂ ಮುಖ ಬೇಕು, ಏಕೆಂದರೆ ಜರ್ಮನ್ ಔಷಧ ಅಂಗಡಿಯವರು ಎಷ್ಟೋ ಸಲ ಡೋಸನ್ನು ಪೆನ್ನಿನಿಂದ ಯಾವುದೋ ಒಂದು ಮಗ್ಗುಲಲ್ಲಿ ಬರೆದಿರುತ್ತಾರೆ. ಒಳಗಿನ ಮಾತ್ರೆ ಪಟ್ಟಿಯ ಹಿಂಬದಿಯೂ ಬೇಕು, ಡಬ್ಬಿಯಲ್ಲಿರುವುದೂ ಪಟ್ಟಿಯಲ್ಲಿರುವುದೂ ಒಂದೇ ಔಷಧ, ಒಂದೇ ಪ್ರಮಾಣ ಎಂದು ಹೊಂದಿಸಿ ನೋಡಲು. ಬೆಳ್ಳಿ ಹಾಳೆ ಹೊಳೆಯುತ್ತದೆ. ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ತೆಗೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಸಣ್ಣಕ್ಷರ ಮಸುಕಾಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಡಬ್ಬಿಯೊಳಗಿನ ಮಡಿಸಿದ ಹಾಳೆಯಲ್ಲಿ ಮೂರನೆಯ ಭಾಗವನ್ನು ಪೂರ್ತಿ ಕೇಳಿದೆ. ಯೂರೋಪ್ ಒಕ್ಕೂಟದ ಯಾವ ದೇಶದ ಔಷಧವಾದರೂ ಆ ಹಾಳೆಯಲ್ಲಿ ಆರು ಭಾಗಗಳಿರುತ್ತವೆ, ಹೇಗೆ ತೆಗೆದುಕೊಳ್ಳಬೇಕು ಎಂಬುದು ಮೂರನೆಯದು. ಭಾಷೆ ಬಾರದಿದ್ದರೂ ಅಂಕಿ ನೋಡಿ ಪುಟ ಹುಡುಕಬಹುದು.

ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಔಷಧ ಯೋಜನೆಯ ಹಾಳೆ. ಜರ್ಮನಿಯಲ್ಲಿ 2016ರ ಅಕ್ಟೋಬರಿನಿಂದ ಇದಕ್ಕೊಂದು ಏಕರೂಪದ ನಮೂನೆ ಇದೆ. ಅಲ್ಲಿನ ಸಾರ್ವಜನಿಕ ವಿಮೆಯಲ್ಲಿದ್ದು, ಮೂರು ಅಥವಾ ಹೆಚ್ಚು ಔಷಧಗಳನ್ನು ದೀರ್ಘಕಾಲ ತೆಗೆದುಕೊಳ್ಳುವವರು ಅದನ್ನು ಕೇಳಿ ಪಡೆಯಬಹುದು. ಅತ್ತೆ ಪ್ರವಾಸಿ ವಿಮೆಯವರು, ಆದರೂ ಕೇಳಿದಾಗ ವೈದ್ಯರು ಮುದ್ರಿಸಿಕೊಟ್ಟರು. ಅದರಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ ಎಂದು ನಾಲ್ಕು ಕಾಲಂಗಳಿವೆ. ಔಷಧದ ಮೂಲ ಹೆಸರು, ಪ್ರಮಾಣ, ಯಾವ ಕಾಯಿಲೆಗೆ ಎಂಬುದೂ ಇದೆ. ಕೈಬರಹ ಓದುವ ಕಷ್ಟ ತಪ್ಪಿತು.

ಅತ್ತೆಯ ಪಟ್ಟಿ ಹೀಗಿತ್ತು: ಟೊರಾಸೆಮೈಡ್ 10 ಮಿಲಿಗ್ರಾಂ ಬೆಳಿಗ್ಗೆ ಒಂದು. ಥೈರಾಯ್ಡಿಗೆ ಲೆವೋಥೈರಾಕ್ಸಿನ್ 75 ಮೈಕ್ರೋಗ್ರಾಂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು. ರಕ್ತದೊತ್ತಡಕ್ಕೆ ರಾಮಿಪ್ರಿಲ್ ಬೆಳಿಗ್ಗೆ ಮತ್ತು ರಾತ್ರಿ ಒಂದೊಂದು. ಕೊಲೆಸ್ಟರಾಲಿಗೆ ಅಟೋರ್ವಾಸ್ಟಾಟಿನ್ ರಾತ್ರಿ ಒಂದು. ರಾಮಿಪ್ರಿಲ್ ಡಬ್ಬಿಯ ಮೇಲೆ 2,5 ಎಂದಿತ್ತು. ಜರ್ಮನರು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಸಾವಿರಕ್ಕೆ ಚುಕ್ಕಿ ಹಾಕುತ್ತಾರೆ. ಅಲ್ಲಿ 2,5 ಎಂದರೆ ಎರಡೂವರೆ, 1.000 ಎಂದರೆ ಸಾವಿರ.

ಅತ್ತೆಯ ಚೀಟಿಯಲ್ಲಿ ಈ ಪ್ರಮಾಣದ ಅಂಕಿಗಳನ್ನು ಅರಬ್ಬಿಯಲ್ಲಿ ಬರೆಯಲೇ ಇಲ್ಲ. ಅವರಿಗೆ ಬೇಕಾದದ್ದು ಎಷ್ಟು ಮಾತ್ರೆ ಎಂಬುದು, ಎಷ್ಟು ಮಿಲಿಗ್ರಾಂ ಎಂಬುದಲ್ಲ. ಹತ್ತಿರದಲ್ಲಿ ಎರಡು ಅಂಕಿಗಳಿದ್ದರೆ ಒಂದು ಇನ್ನೊಂದರ ಜಾಗಕ್ಕೆ ಬರುತ್ತದೆ. ಅದಲ್ಲದೆ ಅರಬ್ಬಿ ಲಿಪಿಯ ಐದು ನಮ್ಮ ಸೊನ್ನೆಯ ಹಾಗೇ ದುಂಡಗಿರುತ್ತದೆ, ಅವರ ಸೊನ್ನೆ ಬರಿಯ ಚುಕ್ಕಿ. ಎರಡೂ ಬಗೆಯ ಅಂಕಿ ಬಳಕೆಯಲ್ಲಿರುವ ಮನೆಯಲ್ಲಿ, ಕಣ್ಣಿನ ಪೊರೆ ಇರುವವರ ಕೈಗೆ ಅಂಕಿ ಕೊಡುವುದು ನನಗೆ ಸರಿ ಕಾಣಲಿಲ್ಲ. ‘ಹಬ್ಬಾ ವಾಹಿದಾ’, ಒಂದು ಮಾತ್ರೆ, ಎಂದು ಅಕ್ಷರದಲ್ಲೇ ಬರೆದು ಪಕ್ಕದಲ್ಲಿ ಮಾತ್ರೆಯ ಆಕಾರವನ್ನೂ ಬಿಡಿಸಿದೆ. ಮೂಲ ಹೆಸರು ಮತ್ತು ಪ್ರಮಾಣವನ್ನು ಚೀಟಿಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ, ಅದು ವೈದ್ಯರ ಕಣ್ಣಿಗೆ. ಅರಬ್ಬಿಯಲ್ಲಿ ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂಗಳ ಸಂಕ್ಷಿಪ್ತ ರೂಪಗಳಿಗೆ ಇರುವ ವ್ಯತ್ಯಾಸ ನಡುವಿನ ಒಂದು ಅಕ್ಷರ ಮಾತ್ರ, ಒಂದರಲ್ಲಿ ಲಾಮ್, ಇನ್ನೊಂದರಲ್ಲಿ ಕಾಫ್. ಸಣ್ಣ ಅಚ್ಚಿನಲ್ಲಿ ಅದನ್ನು ನಂಬಿದರೆ ಸಾವಿರ ಪಟ್ಟು ತಪ್ಪಬಹುದು. ಬರೆಯಲೇಬೇಕಾದಲ್ಲಿ ಪೂರ್ತಿ ಪದ ಬರೆಯುವುದು ನನ್ನ ಪದ್ಧತಿ.

ಹೊತ್ತನ್ನು ಬರೆಯುವಾಗ ಇನ್ನೂ ಹೆಚ್ಚು ಯೋಚಿಸಬೇಕಾಯಿತು. ರಾತ್ರಿ ಊಟಕ್ಕೆ ಅರಬ್ಬಿಯಲ್ಲಿ ಅಶಾ, ರಾತ್ರಿಯ ನಮಾಜಿಗೆ ಇಶಾ. ಸ್ವರಚಿಹ್ನೆ ಹಾಕದೆ ಬರೆದರೆ ಎರಡರ ಕಾಗುಣಿತವೂ ಒಂದೇ. ಜರ್ಮನಿಯ ಬೇಸಿಗೆಯಲ್ಲಿ ಇಶಾ ನಡುರಾತ್ರಿಯ ಹತ್ತಿರ ಬರುತ್ತದೆ, ಊಟ ಏಳಕ್ಕೇ ಆಗಿರುತ್ತದೆ. ಆದ್ದರಿಂದ ಊಟ ಎಂಬ ಅರ್ಥದ ‘ವಜ್ಬತ್’ ಎಂಬುದನ್ನು ಸೇರಿಸಿ ರಾತ್ರಿಯ ಊಟದ ನಂತರ ಎಂದು ಬಿಡಿಸಿ ಬರೆದೆ. ಬೆಳಗಿನ ತಿಂಡಿಗೆ ಬಳಸುವ ಫತೂರ್ ಎಂಬ ಪದಕ್ಕೂ ಹೀಗೇ ಒಂದು ತೊಡಕಿದೆ: ರಂಜಾನಿನಲ್ಲಿ ಅದು ಸೂರ್ಯಾಸ್ತದ ಊಟವಾಗುತ್ತದೆ.

ಬರಿಹೊಟ್ಟೆ ಎನ್ನಲು ‘ಅಲ ರ್ರೀಕ್’ ಎಂಬ ಮಾತಿದೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅತ್ತೆ ನಸುಕಿನ ಫಜ್ರ್ ನಮಾಜು ಮುಗಿಸಿದ ಕೂಡಲೇ ಖರ್ಜೂರ ತಿಂದು ಕಹ್ವಾ, ಅಂದರೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕುಡಿಯುತ್ತಾರೆ. ಒಮಾನಿನ ಹಳೆಯ ಮನೆಗಳಲ್ಲಿ ಅದನ್ನು ತಿಂಡಿ ಎಂದು ಯಾರೂ ಎಣಿಸುವುದಿಲ್ಲ. ಲೆವೋಥೈರಾಕ್ಸಿನ್ ಮಟ್ಟಿಗೆ ಅದು ಎಣಿಕೆಗೆ ಬರುತ್ತದೆ, ಕಾಫಿಯೊಂದಿಗೆ ನುಂಗಿದರೆ ಮೈಗೆ ಹಿಡಿಯುವ ಔಷಧ ಕಡಿಮೆಯಾಗುತ್ತದೆ. ಹಾಗಾಗಿ ಚೀಟಿಯ ಮೊದಲ ಸಾಲು ಹೀಗಾಯಿತು: “ಎದ್ದ ಕೂಡಲೇ, ಖರ್ಜೂರ ಮತ್ತು ಕಹ್ವಾಕ್ಕೆ ಮುಂಚೆ, ಬರಿಯ ನೀರಿನೊಂದಿಗೆ ಒಂದು ಮಾತ್ರೆ. ಆಮೇಲೆ ಅರ್ಧ ಗಂಟೆ ಏನೂ ಬೇಡ.” ಜರ್ಮನ್ ಹಾಳೆಯಲ್ಲಿ ಖರ್ಜೂರವೂ ಇಲ್ಲ, ಕಹ್ವಾವೂ ಇಲ್ಲ. ಆದರೂ ಹಾಳೆ ಹೇಳುವುದನ್ನು ಈ ಮನೆಯಲ್ಲಿ ಪಾಲಿಸಬೇಕಾದರೆ ಬರೆಯಬೇಕಾದದ್ದು ಅದನ್ನೇ.

ಔಷಧಕ್ಕೊಂದು ಚೀಟಿ ಮಾಡದೆ ಹೊತ್ತಿಗೊಂದು ಸಾಲು ಮಾಡಿದೆ. ಸಾಲುಗಳು ಮೇಲಿನಿಂದ ಕೆಳಗೆ ಬರುತ್ತವೆ. ಎಡ, ಬಲ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎದ್ದಾಗ, ತಿಂಡಿಯ ನಂತರ, ರಾತ್ರಿಯ ಊಟದ ನಂತರ. ದಪ್ಪ ಮಾರ್ಕರಿನಲ್ಲಿ ಕೈಯಿಂದ ಬರೆದು, ಫೋಟೋ ತೆಗೆದು ಕಳಿಸಿದೆ. ಮೈದುನ ಮುದ್ರಿಸಿ ಅಡುಗೆಮನೆಯಲ್ಲಿ ಅಂಟಿಸಿದ. ಡಬ್ಬಿಗಳಿಗೆ ಬಣ್ಣದ ಚುಕ್ಕಿ, ಸಾಲಿನಲ್ಲಿ ಅದೇ ಬಣ್ಣ. ಡಬ್ಬಿಯ ಮೇಲೆ ಅಂಟಿಸುವಾಗ ಔಷಧದ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು ಮುಚ್ಚಬಾರದೆಂದು ಹೇಳಿದ್ದೆ.

ಕಳಿಸುವ ಮುಂಚೆ ಮೂಲ ಹಾಳೆ ನೋಡಿರದ ನಾದಿನಿಗೆ ಚೀಟಿ ಕೊಟ್ಟು, ಇದರಲ್ಲಿ ಏನಿದೆ ಎಂದು ಅವಳ ಮಾತಿನಲ್ಲೇ ಹೇಳಿಸಿದೆ. ಅವಳು ಹೇಳಿದ್ದನ್ನು ಬರೆದುಕೊಂಡು ಜರ್ಮನ್ ಯೋಜನೆಯ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದೆ. ನಂತರ ವೀಡಿಯೊ ಕರೆಯಲ್ಲಿ ಅತ್ತೆಗೆ, “ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ, ತೋರಿಸಿ” ಎಂದೆ. ಅರ್ಥವಾಯಿತೇ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ, ದೊಡ್ಡವರು ಸೊಸೆಯ ಮುಂದೆ ಇಲ್ಲ ಎನ್ನುವುದಿಲ್ಲ. ಕೈಯಿಂದ ಮಾಡಿ ತೋರಿಸುವಾಗ ನಿಜ ಕಾಣುತ್ತದೆ. ಅವರು ಸರಿಯಾದ ಡಬ್ಬಿ ತೆಗೆದರು, ಪಕ್ಕದಲ್ಲಿ ಇನ್ನೊಂದನ್ನೂ ತೆಗೆದಿಟ್ಟರು. ಅದು ಒಮಾನಿನಿಂದ ಒಯ್ದಿದ್ದ ಥೈರಾಯ್ಡ್ ಮಾತ್ರೆ. ಹೆಸರು ಬೇರೆ, ಒಳಗಿನ ಔಷಧ ಅದೇ ಲೆವೋಥೈರಾಕ್ಸಿನ್. ಎರಡು ದೇಶಗಳ ಡಬ್ಬಿಗಳು ಒಂದೇ ಚೀಲದಲ್ಲಿದ್ದಾಗ ಎರಡು ಪಟ್ಟು ನುಂಗುವುದು ಹೀಗೆಯೇ. ವೈದ್ಯರಿಗೆ ತಿಳಿಸಿ, ಹಳೆಯದನ್ನು ಬೇರೆ ಕಪಾಟಿಗೆ ಹಾಕಿಸಿದೆವು. ಈಗ ಯಾರಿಗೇ ಚೀಟಿ ಮಾಡಿಕೊಡುವುದಿದ್ದರೂ ಮನೆಯಲ್ಲಿರುವ ಎಲ್ಲ ಡಬ್ಬಿಗಳ ಫೋಟೋ ಮೊದಲೇ ತರಿಸಿಕೊಳ್ಳುತ್ತೇನೆ.

ಚೀಟಿಯ ಮೂಲೆಯಲ್ಲಿ ದಿನಾಂಕ ಹಾಕಿದ್ದೆ. ಕಾಲಿನ ಊತ ಇಳಿದ ಮೇಲೆ ಅಲ್ಲಿನ ವೈದ್ಯರು ಟೊರಾಸೆಮೈಡನ್ನು 5 ಮಿಲಿಗ್ರಾಂಗೆ ಇಳಿಸಿದರು. ಇದ್ದ ಚೀಟಿಯ ಮೇಲೆ ತಿದ್ದದೆ ಹೊಸದನ್ನೇ ಬರೆದು ಕಳಿಸಿದೆ. ಮೈದುನ ಹಳೆಯದನ್ನು ಗೋಡೆಯಿಂದ ಕಿತ್ತು, ಅತ್ತೆಯ ಮೊಬೈಲಿನಲ್ಲಿದ್ದ ಅದರ ಫೋಟೋವನ್ನೂ, ಮೊದಲು ಟೈಪ್ ಮಾಡಿ ಕಳಿಸಿದ್ದ ಸಂದೇಶವನ್ನೂ ಅಳಿಸಿದ.