ಕಾಫಿ ಪುಡಿ ಪ್ಯಾಕೆಟ್‌ನ ಮರೂನ್ ಎಲ್ಲ ಚಿತ್ರಗಳಲ್ಲೂ ಒಂದೇ ಇರಲು ನಾನು ಮಾಡಿದ್ದು

ಬಸವನಗುಡಿಯ ಒಂದು ಕಾಫಿ ಪುಡಿ ಅಂಗಡಿಗೆ ನಾನು ಜಾಹೀರಾತಿನ ಚಿತ್ರಗಳನ್ನು ಮಾಡಿಕೊಡುತ್ತೇನೆ. ಪ್ಯಾಕೆಟ್ ಒಂದೇ, ಜಾಗ ಬೇರೆ ಬೇರೆ. ಅಡುಗೆಮನೆಯ ಕಟ್ಟೆ, ಹಬ್ಬದ ಬಾಳೆಎಲೆ, ಮಳೆ ಬೀಳುವ ಕಿಟಕಿ, ಸುಮ್ನೆ ಬಿಳಿ ಹಿನ್ನೆಲೆ. ಎಲ್ಲವೂ ಚಿತ್ರ ತಯಾರಿಸುವ ಎಐ ಮಾಡೆಲ್‌ನಿಂದ ಬಂದವು. ಪ್ಯಾಕೆಟ್‌ನ ಬಣ್ಣ ಮರೂನ್, ಅಡ್ಡ ಪಟ್ಟಿ ಕೆನೆ ಬಣ್ಣ. ಒಂದೊಂದೇ ಚಿತ್ರ ನೋಡಿದರೆ ತಪ್ಪು ಕಾಣುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಅಕ್ಕಪಕ್ಕ ಕೂತಾಗ ಒಂದು ಇಟ್ಟಿಗೆ ಬಣ್ಣ, ಇನ್ನೊಂದು ದ್ರಾಕ್ಷಿ, ಮತ್ತೊಂದು ಕುಂಕುಮ. ಅಂಗಡಿಯ ಯಜಮಾನರ ಮಗಳು ಮೊದಲ ಕಂತು ನೋಡಿ, "ಸರ್, ಎಲ್ಲಾ ಚೆನ್ನಾಗಿದೆ, ಆದರೆ ಇದು ಮೂರು ಕಂಪನಿ ಪ್ಯಾಕೆಟ್ ಥರ ಇದೆಯಲ್ವಾ?" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಎಲ್ಲಕ್ಕಿಂತ ಮೊದಲು ಯಾವುದು ಅಸಲಿ ಮರೂನ್ ಎಂದು ತೀರ್ಮಾನಿಸಬೇಕಾಯಿತು. ಅವರ ವೆಬ್‌ಸೈಟ್‌ನಲ್ಲಿ ಒಂದು, ಪ್ರಿಂಟ್ ಫೈಲ್‌ನಲ್ಲಿ ಒಂದು, ಹಳೆಯ ಪೋಸ್ಟರ್‌ನಲ್ಲಿ ಇನ್ನೊಂದು. ಪ್ರಿಂಟ್ ಫೈಲ್ ಶಾಯಿಯ ಲೆಕ್ಕದಲ್ಲಿರುತ್ತದೆ, ಪರದೆಯದು ಬೆಳಕಿನ ಲೆಕ್ಕ. ಅವು ತಾವಾಗಿ ಹೊಂದುವುದಿಲ್ಲ. ಪ್ಯಾಕೆಟ್ ಎದುರಿಗೆ ಇಟ್ಟುಕೊಂಡು, ಪರದೆಗೆ `#7A1F2B` ಎಂಬ ಹೆಕ್ಸ್ ಬಣ್ಣದ ಕೋಡ್ ಒಪ್ಪಿಕೊಂಡೆವು. ಅಲ್ಲಿಂದ ಮುಂದೆ ಅಳತೆಗೋಲು ಅದೊಂದೇ.

ಈ ಕೋಡನ್ನು ಪ್ರಾಂಪ್ಟ್‌ನಲ್ಲಿ ಬರೆದುಬಿಟ್ಟರೆ ಸಾಕು ಎಂದು ಬಹಳ ಜನ ನಂಬುತ್ತಾರೆ. ಸಾಲದು. ಚಿತ್ರದ ಜೊತೆಗಿನ ವಿವರಣೆ ಓದಿ ಕಲಿತ ಮಾಡೆಲ್‌ಗೆ 'ಮರೂನ್' ಎಂಬ ಪದ ಗೊತ್ತು, ಹೆಕ್ಸ್ ಕೋಡ್ ಅದಕ್ಕೆ ಅಕ್ಷರಗಳ ಚೂರು. ಕೆಲವು ಹೊಸ ಮಾಡೆಲ್‌ಗಳು ಕೋಡ್‌ಗೆ ಹತ್ತಿರದ ಬಣ್ಣ ಕೊಡುತ್ತವೆ, ಆದರೆ ಹತ್ತಿರ ಅಷ್ಟೇ. ಇನ್ನೊಂದು ಕಾರಣವೂ ಇದೆ. ನೀವು ಬೆಳಗಿನ ಬಿಸಿಲು ಕೇಳಿದರೆ ಮಾಡೆಲ್ ಬಿಸಿಲನ್ನು ಪ್ಯಾಕೆಟ್ ಮೇಲೂ ಸುರಿಯುತ್ತದೆ. ಬಣ್ಣ ಹಳದಿಗೆ ವಾಲುವುದು ಸಹಜ.

ಹಾಗಾಗಿ ನಾನು ಕೆಲಸವನ್ನು ಎರಡಾಗಿ ಒಡೆದೆ. ಆಕಾರ, ಬೆಳಕು, ನೆರಳು ಮಾಡೆಲ್‌ನ ಕೆಲಸ. ಬಣ್ಣ ನನ್ನ ಕೆಲಸ, ಅದೂ ಕೊನೆಯಲ್ಲಿ, ಚಿತ್ರವನ್ನು ದೊಡ್ಡದು ಮಾಡಿಯಾದ ಮೇಲೆ. ಮೊದಲೇ ಸರಿ ಮಾಡಿದರೆ, ಚಿತ್ರ ಮತ್ತೆ ಮಾಡೆಲ್ ಮೂಲಕ ಹಾದಾಗ ಬಣ್ಣ ಮತ್ತೆ ಸ್ವಲ್ಪ ಸರಿಯುತ್ತದೆ. ಪ್ಯಾಕೆಟ್ ಮೇಲಿನ ಅಕ್ಷರಗಳನ್ನು ಮಾಡೆಲ್‌ಗೆ ಬಿಡುವುದೇ ಇಲ್ಲ. ಅಸಲಿ ಲೇಬಲ್ ಫೈಲನ್ನೇ ಮೇಲೆ ಕೂರಿಸುತ್ತೇನೆ.

ಪ್ರಾಂಪ್ಟ್‌ನಲ್ಲಿ ಮಾತ್ರ 'ಗಾಢ ಮರೂನ್' ಎಂದು ಹೇಳಲೇಬೇಕು. ಬೂದು ಪ್ಯಾಕೆಟ್ ಮಾಡಿಸಿ ಆಮೇಲೆ ಬಣ್ಣ ಹಚ್ಚಿದರೆ, ಪಕ್ಕದ ಸ್ಟೀಲ್ ಲೋಟದಲ್ಲಿ ಬಿದ್ದ ಪ್ರತಿಬಿಂಬ ಬೂದಾಗಿಯೇ ಉಳಿಯುತ್ತದೆ. ಕಟ್ಟೆಯ ಮೇಲಿನ ತೆಳು ಕೆಂಪು ಛಾಯೆಯೂ ಇರುವುದಿಲ್ಲ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಪ್ಯಾಕೆಟ್ ಅಂಟಿಸಿದಂತೆ ಕಾಣುತ್ತದೆ.

ಕಿಟಕಿ ಪಕ್ಕದ ಚಿತ್ರವನ್ನೇ ತೆಗೆದುಕೊಳ್ಳಿ. ಪ್ಯಾಕೆಟ್‌ನ ಚಪ್ಪಟೆ ಮುಖದಲ್ಲಿ, ಬೆಳಕು ಸಮವಾಗಿ ಬಿದ್ದ, ಅಕ್ಷರವಿಲ್ಲದ ಒಂದು ಚಿಕ್ಕ ಚೌಕ ಆರಿಸಿದೆ. ಇಡೀ ಪ್ಯಾಕೆಟ್‌ನ ಸರಾಸರಿ ತೆಗೆದರೆ ಮಡಿಕೆಯ ನೆರಳೂ ಸೇರಿ ಲೆಕ್ಕ ಕೆಡುತ್ತದೆ. ಆ ಚೌಕದ ಮಧ್ಯಮ ಬಣ್ಣ `#8C3A2A` ಬಂತು. ಬಣ್ಣವನ್ನು ಮೂರು ಸಂಖ್ಯೆಗಳಲ್ಲಿ ಹೇಳುವ ಲ್ಯಾಬ್ ಎಂಬ ಅಳತೆಯಲ್ಲಿ ಹಳದಿ-ನೀಲಿ ಹೇಳುವ 'ಬಿ' ಬೆಲೆ ನಮ್ಮ ಮರೂನ್‌ಗೆ 16, ಇದಕ್ಕೆ 27. ತಿಳಿ-ಗಾಢ ಹೇಳುವ 'ಎಲ್' ಬೆಲೆ 28ರ ಬದಲು 36. ಇಟ್ಟಿಗೆ ಬಣ್ಣ ಕಂಡದ್ದು ಅದಕ್ಕೇ.

ತಿದ್ದುಪಡಿಯನ್ನು ನಾನು ಕೂಡುವುದರಿಂದ ಮಾಡುವುದಿಲ್ಲ, ಗುಣಿಸುವುದರಿಂದ ಮಾಡುತ್ತೇನೆ. ಕಣ್ಣಿಗೆ ಬೀಳುವುದು ವಸ್ತುವಿನ ಬಣ್ಣ ಮತ್ತು ಬೆಳಕಿನ ಗುಣಲಬ್ಧ. ಎಲ್ಲ ಕಡೆ ಒಂದೇ ಸಂಖ್ಯೆ ಕೂಡಿದರೆ ಕಪ್ಪು ನೆರಳೂ ಕೆಂಪಾಗಿ ಹೊಳೆಯುತ್ತದೆ. ಗುಣಿಸಿದರೆ ನೆರಳು ನೆರಳಾಗಿಯೇ ಉಳಿಯುತ್ತದೆ. ಅದಕ್ಕೆ ಮೊದಲು ಪರದೆಯ ಬೆಲೆಗಳನ್ನು ನಿಜವಾದ ಬೆಳಕಿನ ಬೆಲೆಗೆ ಬದಲಾಯಿಸಬೇಕು:

```python
def to_lin(c):
    return np.where(c <= 0.04045, c/12.92,
                    ((c+0.055)/1.055)**2.4)

lin  = to_lin(img)
gain = to_lin(brand) / np.median(lin[patch], axis=0)
out  = lin * (1 + mask[..., None] * (gain - 1))
```

ಇಲ್ಲಿ `img` ಚಿತ್ರ, `brand` ನಮ್ಮ ಮರೂನ್, ಎರಡೂ 0ಯಿಂದ 1ರ ನಡುವಿನ ಬೆಲೆಗಳು. `patch` ಆ ಚೌಕದ ಪಿಕ್ಸೆಲ್‌ಗಳನ್ನು ಗುರುತಿಸುವ ಬೂಲಿಯನ್ ಮಾಸ್ಕ್. `mask` ಪ್ಯಾಕೆಟ್‌ನ ಮರೂನ್ ಭಾಗದ ಆಕಾರ, ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಮೃದು. ಬಂದ `out` ಅನ್ನು ಮತ್ತೆ ಪರದೆಯ ಬೆಲೆಗೆ ತಿರುಗಿಸಿ ಉಳಿಸಬೇಕು. ಈ ಚಿತ್ರಕ್ಕೆ ಕೆಂಪಿನ ಗುಣಕ 0.74, ಹಸಿರಿನದು 0.32, ನೀಲಿಯದು 1.04 ಬಂತು.

ಮುಖ ಸರಿಯಾಯಿತು, ಆದರೆ ಪ್ಯಾಕೆಟ್‌ನ ಅಂಚಿನ ಬಿಳಿ ಹೊಳಪು ನೇರಳೆಯಾಯಿತು. ಈ ದಾರಿಯಲ್ಲಿ ಬರುವ ದೊಡ್ಡ ತೊಂದರೆ ಇದೇ. ಹೊಳಪು ಪ್ಯಾಕೆಟ್‌ನ ಬಣ್ಣವಲ್ಲ, ಕಿಟಕಿಯ ಬೆಳಕು ಹಾಗೇ ಪುಟಿದದ್ದು. ಅದಕ್ಕೂ ಹಸಿರಿನ 0.32 ತಗುಲಿದರೆ ಬಿಳಿಯಲ್ಲಿ ಕೆಂಪು-ನೀಲಿ ಮಾತ್ರ ಉಳಿಯುತ್ತದೆ. ಹೆಚ್ಚು ಹೊಳಪು, ಕಡಿಮೆ ಬಣ್ಣ ಇರುವ ಪಿಕ್ಸೆಲ್‌ಗಳಲ್ಲಿ ಮಾಸ್ಕ್‌ನ ಬಲವನ್ನು ನಿಧಾನವಾಗಿ ಸೊನ್ನೆಗೆ ಇಳಿಸಿದೆ. ನೇರಳೆ ಹೋಯಿತು. ಇದನ್ನು ಪತ್ತೆ ಮಾಡಲು ಚಿತ್ರವನ್ನು ದೊಡ್ಡದು ಮಾಡಿ ಪ್ಯಾಕೆಟ್‌ನ ಮೇಲಂಚನ್ನು ನೋಡಿ, ಅಲ್ಲೇ ಮೊದಲು ಕಾಣುತ್ತದೆ.

ಗುಣಕ ಒಂದಕ್ಕಿಂತ ಕಡಿಮೆಯಿದ್ದರೆ ಭಯವಿಲ್ಲ. ಒಂದೂವರೆ ದಾಟಿದರೆ ಕಪ್ಪು ಭಾಗಗಳಲ್ಲಿ ಕಾಳುಕಾಳು ಎದ್ದು ಕಾಣತೊಡಗುತ್ತದೆ. ಇಲ್ಲದ ಬೆಳಕನ್ನು ಎಳೆದು ತಂದ ಹಾಗೆ ಅದು. ಅಂಥ ಚಿತ್ರವನ್ನು ತಿದ್ದುತ್ತಾ ಕೂರುವುದಿಲ್ಲ, ಹೊಸದಾಗಿ ಮಾಡಿಸುತ್ತೇನೆ.

ಸರಿಯಾಗಿದೆಯೇ ಎಂದು ಕಣ್ಣಿಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದೇ ಚೌಕವನ್ನು ಮತ್ತೆ ಅಳೆದು, ಎರಡು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಒಂದು ಸಂಖ್ಯೆಯಲ್ಲಿ ಹೇಳುವ `deltaE_ciede2000` ಎಷ್ಟು ಬರುತ್ತದೆ ನೋಡುತ್ತೇನೆ. ಸುಮಾರು 1ರ ವ್ಯತ್ಯಾಸ ಕಣ್ಣಿಗೆ ಕಷ್ಟಪಟ್ಟು ಕಾಣುವಂಥದ್ದು. ಬಿಳಿ ಹಿನ್ನೆಲೆಯ ಚಿತ್ರಗಳಿಗೆ ನನ್ನ ಮಿತಿ 2. ಮನೆಯ ಸನ್ನಿವೇಶಗಳಿಗೆ 5ರವರೆಗೂ ಬಿಡುತ್ತೇನೆ, ಆದರೆ ವಾಲುವ ದಿಕ್ಕು ಆ ಬೆಳಕಿನದ್ದೇ ಇರಬೇಕು. ಸಂಜೆಯ ದೀಪದ ಕೆಳಗೆ ಪ್ಯಾಕೆಟ್ ಸ್ವಲ್ಪ ಹಳದಿಗೆ ವಾಲದಿದ್ದರೆ ಕತ್ತರಿಸಿ ಇಟ್ಟಂತೆ ಕಾಣುತ್ತದೆ. ಅದಕ್ಕೇ ಬಹುತೇಕ ಸನ್ನಿವೇಶಗಳಿಗೆ ಮೋಡ ಕವಿದ ಹಗಲಿನ ಬೆಳಕನ್ನೇ ಕೇಳುತ್ತೇನೆ. ನಮ್ಮ ಬೆಂಗಳೂರಿಗೆ ಅದು ಒಪ್ಪುತ್ತದೆ ಕೂಡ.

ಕೆನೆ ಬಣ್ಣ ಮರೂನ್‌ಗಿಂತ ಜಾಸ್ತಿ ಕಾಡಿತು. ಬಿಳಿಗೆ ಹತ್ತಿರದ ಬಣ್ಣದಲ್ಲಿ ಸಣ್ಣ ಹಸಿರು ಛಾಯೆ ಸೇರಿದರೂ ಕಣ್ಣು ಹಿಡಿಯುತ್ತದೆ. ಪಟ್ಟಿಗೆ ಬೇರೆಯೇ ಮಾಸ್ಕ್, ಬೇರೆಯೇ ಗುಣಕ ಬೇಕು. ಮರೂನ್‌ನ ಗುಣಕವನ್ನು ಅದಕ್ಕೂ ಹಾಕಿದರೆ ಪಟ್ಟಿ ಪೂರ್ತಿ ಹಾಳು.

ಉಳಿಸುವಾಗಲೂ ಬಣ್ಣ ಕೆಡಬಹುದು. ಸಾಮಾನ್ಯ ಜೆಪೆಗ್ ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತದೆ, ಕೆಂಪಿನ ಅಂಚು ಮಸುಕಾಗಿ ಕೆನೆ ಪಟ್ಟಿಗೆ ಹರಡುತ್ತದೆ. ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ `subsampling=0` ಕೊಟ್ಟು, ಎಸ್‌ಆರ್‌ಜಿಬಿ ಪ್ರೊಫೈಲ್ ಜೊತೆಗೇ ಉಳಿಸುತ್ತೇನೆ. ಅಪ್‌ಲೋಡ್ ಮಾಡಿದ ಮೇಲೆ ಆಯಾ ತಾಣ ಮತ್ತೆ ಕುಗ್ಗಿಸುತ್ತದೆ, ಅದು ನನ್ನ ಕೈಯಲ್ಲಿಲ್ಲ. ಕಳಿಸುವ ಫೈಲಾದರೂ ಸರಿಯಿರಬೇಕಲ್ವಾ.

ಗಾಜಿನ ಭರಣಿಗೆ ಮತ್ತು ಹೊಳೆಯುವ ಜರಿ ಪ್ಯಾಕೆಟ್‌ಗೆ ಈ ದಾರಿ ನಡೆಯುವುದಿಲ್ಲ. ಗಾಜಿನ ಬಣ್ಣ ಹಿಂದಿರುವುದನ್ನು ಅವಲಂಬಿಸಿದೆ, ಜರಿಯದು ಎದುರಿಗಿರುವುದನ್ನು. ಅಳೆಯಲು ಒಂದು ನಿಂತ ಚೌಕವೇ ಸಿಗುವುದಿಲ್ಲ. ಅಂಗಡಿಯವರ ಉಡುಗೊರೆ ಭರಣಿಯನ್ನು ಅದಕ್ಕೇ ಕ್ಯಾಮೆರಾದಲ್ಲಿ ತೆಗೆದೆವು, ಬೂದು ಕಾರ್ಡ್ ಪಕ್ಕದಲ್ಲಿಟ್ಟು. ಮಾಡೆಲ್‌ಗೆ ಕೊಟ್ಟದ್ದು ಹಿಂದಿನ ಗೋಡೆ ಮತ್ತು ಕಟ್ಟೆ ಮಾತ್ರ.