ಮಾಂಸ ಬೆಂದಿದೆಯಾ? ಬಣ್ಣ ನೋಡಬೇಡಿ, ಒಳಗಿನ ಬಿಸಿ ಅಳೆಯಿರಿ

ಕೊಡಗಿನ ಅಡುಗೆಮನೆಯಲ್ಲಿ ಬಣ್ಣ ನೋಡಿ ಮಾಂಸ ಬೆಂದಿದೆ ಅಂತ ಹೇಳುವುದು ಕಷ್ಟ. ಹುರಿದು ಕಪ್ಪಾದ ಕೊತ್ತಂಬರಿ, ಜೀರಿಗೆ, ಕರಿಮೆಣಸಿನ ಪುಡಿ, ಅದರ ಮೇಲೆ ಕಾಚಂಪುಳಿ. ಇಷ್ಟು ಬಿದ್ದ ಮೇಲೆ ಬೆಂದ ತುಂಡೂ ಕಪ್ಪು, ಬೇಯದ ತುಂಡೂ ಕಪ್ಪು. ಕಾಚಂಪುಳಿಯ ಹುಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಸಿ ಮಾಂಸಕ್ಕೆ ಹಚ್ಚಿಟ್ಟರೆ ಒಲೆಗೆ ಇಡುವ ಮೊದಲೇ ಮೇಲ್ಭಾಗ ಕೆಂಪು ಬಿಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ. ನೋಡಿದವರಿಗೆ ಅರ್ಧ ಬೆಂದ ಹಾಗೆ ಕಾಣುತ್ತದೆ.

ಪಂದಿಕರಿಯ ಬಗ್ಗೆ ಹೆದರಬೇಕಾಗಿಲ್ಲ. ಕುದಿಯುವ ಮಸಾಲೆಯಲ್ಲಿ ತುಂಡುಗಳು ಮೆತ್ತಗಾಗುವ ತನಕ ಬೇಯುತ್ತವೆ. ಅಷ್ಟು ಹೊತ್ತಿಗೆ ನಡುಭಾಗದ ತಾಪ ಬೇಕಾದ ಮಟ್ಟವನ್ನು ಎಂದೋ ದಾಟಿರುತ್ತದೆ. ಕುಕ್ಕರಿನಲ್ಲಿ ಮಾಡಿದರಂತೂ ಸರಿಯೇ ಸರಿ. ಎಚ್ಚರ ಬೇಕಾದ್ದು ಬೇಗ ಬೇಯಿಸಿ ಇಳಿಸುವ ಅಡುಗೆಗೆ: ಕೈಮ ಉಂಡೆ, ಕಂಬಿಗೆ ಚುಚ್ಚಿ ಸುಟ್ಟ ಹಂದಿ ಮಾಂಸ, ಹೋಂಸ್ಟೇ ಅಂಗಳದಲ್ಲಿ ಕೆಂಡದ ಮೇಲೆ ಸುಡುವ ಕೋಳಿ.

ನೆನಪಿಡಬೇಕಾದ ಅಂಕಿ ಎರಡೇ. ಕೋಳಿ, ಬಾತುಕೋಳಿ, ಟರ್ಕಿ ಯಾವುದೇ ಇರಲಿ, ಇಡಿಯಾಗಿರಲಿ, ಕೈಮವಾಗಿರಲಿ, ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುರಿ, ಆಡು, ಹಂದಿಯ ಕೈಮಕ್ಕೆ 71 ಡಿಗ್ರಿ. ಹಂದಿಯ ಇಡೀ ತುಂಡಿಗೆ ಅಮೆರಿಕದ ಕೃಷಿ ಇಲಾಖೆ 2011ರಿಂದ 63 ಡಿಗ್ರಿ ಸಾಕು, ಇಳಿಸಿದ ಮೇಲೆ 3 ನಿಮಿಷ ಹಾಗೇ ಬಿಡಬೇಕು ಎನ್ನುತ್ತಿದೆ. ಆದರೆ ಆ ಲೆಕ್ಕ ಅಲ್ಲಿನ ಹಂದಿ ಸಾಕಣೆಗೆ, ಅಲ್ಲಿನ ತಪಾಸಣೆಗೆ ಹೊಂದಿದ್ದು. ನಮ್ಮಲ್ಲಿ ಮಾಂಸ ಎಲ್ಲಿಂದ ಬಂತು, ಹಂದಿ ಏನು ತಿಂದು ಬೆಳೆಯಿತು ಅಂತ ಪ್ರತಿ ಸಲ ಗೊತ್ತಿರುವುದಿಲ್ಲ. ಲಾಡಿಹುಳುವಿನ ಮರಿ ಹಂದಿ ಮಾಂಸದ ಒಳಗೇ ಗುಳ್ಳೆಯಾಗಿ ಕೂತಿರಬಹುದು. ಹಾಗಾಗಿ ಹಂದಿಯ ತುಂಡಿಗೂ 71 ಡಿಗ್ರಿಯನ್ನೇ ಇಟ್ಟುಕೊಳ್ಳಿ ಎನ್ನುವುದು ನನ್ನ ಮಾತು. ಸ್ವಲ್ಪ ಜಾಸ್ತಿ ಬೆಂದರೆ ನಷ್ಟವಿಲ್ಲ. ಕೊಬ್ಬಿರುವ ಮಾಂಸ, ಒಣಗುವುದಿಲ್ಲ.

ಕೈಮಕ್ಕೆ ಯಾಕೆ ಇಷ್ಟು ಎಚ್ಚರ? ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಹೊರಮೈ ಮೇಲೆ ಇರುತ್ತದೆ. ಬಾಣಲೆಯ ಬಿಸಿ ಮೊದಲು ಮುಟ್ಟುವುದೂ ಅಲ್ಲಿಗೇ. ಮೆಷಿನ್‌ಗೆ ಹಾಕಿ ಕೊಚ್ಚಿದಾಗ ಆ ಹೊರಮೈ ಒಳಗೆಲ್ಲ ಬೆರೆತುಹೋಗುತ್ತದೆ. ಉಂಡೆ ಕಟ್ಟಿದರೆ ಮೇಲಿದ್ದದ್ದು ಈಗ ನಡುವೆ ಇದೆ, ಬಿಸಿ ಕೊನೆಗೆ ತಲುಪುವ ಜಾಗದಲ್ಲಿ.

ಇದೇ ಕೈಮದಲ್ಲಿ ಬಣ್ಣವೂ ಚೆನ್ನಾಗಿ ಮೋಸ ಮಾಡುತ್ತದೆ. ಮಾಂಸಕ್ಕೆ ಕೆಂಪು ಕೊಡುವುದು ಮಯೋಗ್ಲೋಬಿನ್ ಎಂಬ ಪ್ರೋಟೀನು. ಬಿಸಿಗೆ ಅದು ಕಂದಾಗುತ್ತದೆ, ನಿಜ. ಆದರೆ ಗಾಳಿಗೂ ಕಂದಾಗುತ್ತದೆ. ಬೆಳಿಗ್ಗೆ ಕೊಚ್ಚಿಸಿ ತಂದು ಸಂಜೆಯವರೆಗೆ ಫ್ರಿಜ್‌ನಲ್ಲಿಟ್ಟ ಕೈಮವನ್ನು ಬಿಡಿಸಿ ನೋಡಿ, ಅಲ್ಲಲ್ಲಿ ಆಗಲೇ ಕಂದು ಇರುತ್ತದೆ. ಅಂಥ ಕೈಮ ಬೇಯುವಾಗ 60 ಡಿಗ್ರಿಯ ಹತ್ತಿರದಲ್ಲೇ ಪೂರ್ತಿ ಬೆಂದ ಬಣ್ಣಕ್ಕೆ ಬಂದುಬಿಡುತ್ತದೆ. ಮುರಿದು ನೋಡಿದವರು ಸಾಕು ಅಂತ ಇಳಿಸುತ್ತಾರೆ. ಇನ್ನೂ ಹತ್ತು ಡಿಗ್ರಿ ಬಾಕಿ ಇರುತ್ತದೆ.

ಅಳೆಯಲು ಬೇಕಾದ್ದು ಮೊನೆ ಇರುವ ಡಿಜಿಟಲ್ ಅಡುಗೆ ಥರ್ಮಾಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜ್ವರ ನೋಡುವುದು ಇದಕ್ಕಾಗದು. ದೂರದಿಂದ ಹಿಡಿದು ಗುಂಡಿ ಒತ್ತುವ ಗನ್ ಥರ್ಮಾಮೀಟರ್ ಮೇಲ್ಮೈಯನ್ನು ಮಾತ್ರ ಹೇಳುತ್ತದೆ, ಒಳಗಿನದನ್ನಲ್ಲ.

ತಂದ ಕೂಡಲೇ ಅದು ಸರಿ ಹೇಳುತ್ತದಾ ಅಂತ ನೋಡಿ. ಲೋಟದ ತುಂಬ ಐಸ್ ತುಂಡು ಹಾಕಿ, ಸಂದು ತುಂಬುವಷ್ಟು ನೀರು ಹೊಯ್ದು ಕಲಕಿ. ಮೊನೆಯನ್ನು ತಳ, ಬದಿ ತಾಗದಂತೆ ನಡುವೆ ಹಿಡಿಯಿರಿ. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಕುದಿಯುವ ನೀರಿನಲ್ಲಿ ನೋಡಿ 100 ಬರಲಿಲ್ಲ ಅಂತ ಥರ್ಮಾಮೀಟರನ್ನು ಬೈಯಬೇಡಿ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಮಂಗಳೂರಿನವರು ಬರೆದ ಅಡುಗೆಯ ನಿಮಿಷದ ಲೆಕ್ಕ ಇಲ್ಲಿ ಸ್ವಲ್ಪ ಕಡಿಮೆ ಬೀಳುತ್ತದೆ.

ಈಗ ಕೈಮ ಉಂಡೆಯನ್ನೇ ತೆಗೆದುಕೊಳ್ಳೋಣ. ನಿಂಬೆಹಣ್ಣಿನ ಗಾತ್ರ, ಅಂದರೆ ಅಡ್ಡಕ್ಕೆ 4 ಸೆಂಟಿಮೀಟರ್. ಫ್ರಿಜ್‌ನಿಂದ ತೆಗೆದು ಕುದಿಯುವ ಸಾರಿಗೆ ಒಂದೊಂದಾಗಿ ಬಿಡುತ್ತೀರಿ. ಒಂದೆರಡು ನಿಮಿಷಕ್ಕೆ ಹೊರಗೆ ಗಟ್ಟಿಯಾಗಿ ಬಣ್ಣ ಬದಲಾಗುತ್ತದೆ. 5 ನಿಮಿಷಕ್ಕೆ ಹೊರಗಿನಿಂದ ನೋಡಿದರೆ ಪೂರ್ತಿ ಬೆಂದ ಉಂಡೆ, ಆದರೆ ನಡುಭಾಗ ಇನ್ನೂ 40 ಡಿಗ್ರಿಯನ್ನೂ ಮುಟ್ಟಿರುವುದಿಲ್ಲ. 8 ನಿಮಿಷಕ್ಕೆ 60ರ ಆಸುಪಾಸು. ಮೋಸ ಹೋಗುವ ಹೊತ್ತು ಇದೇ, ಮುರಿದರೆ ಒಳಗೂ ಕಂದು. ಸಾರು ಕುದಿ ಬಿಡದೆ ಇದ್ದರೆ 10 ನಿಮಿಷದ ಹೊತ್ತಿಗೆ 71 ದಾಟುತ್ತದೆ. ತಣ್ಣನೆಯ ಉಂಡೆಗಳನ್ನು ಒಟ್ಟಿಗೇ ಸುರಿದರೆ ಕುದಿ ನಿಲ್ಲುತ್ತದೆ, ಆಗ ಇನ್ನೂ ಹೆಚ್ಚು ಹೊತ್ತು ಬೇಕು. ಉಂಡೆ 5 ಸೆಂಟಿಮೀಟರ್ ಆದರೆ ಸಮಯ ಒಂದೂವರೆ ಪಟ್ಟಾಗುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಗಾತ್ರಕ್ಕೆ ಕಟ್ಟಿ, ಅಳೆಯುವಾಗ ಅತಿ ದೊಡ್ಡದನ್ನೇ ಆರಿಸಿ.

ಉಂಡೆಯನ್ನು ಸೌಟಿನಲ್ಲಿ ಎತ್ತಿ, ಮೊನೆಯನ್ನು ಪಕ್ಕದಿಂದ ಸರಿಯಾಗಿ ನಡುವಿಗೆ ಚುಚ್ಚಿ. ಅಂಕಿ ಓಡುವುದು ನಿಲ್ಲುವ ತನಕ ಕಾಯಿರಿ. ಆಮೇಲೆ ಮೊನೆಯನ್ನು ಚೂರು ಹಿಂದೆ ಮುಂದೆ ಸರಿಸಿ. ಎಲ್ಲಿ ಅತಿ ಕಡಿಮೆ ತೋರಿಸುತ್ತದೋ ಅದೇ ನಿಜವಾದ ನಡುಭಾಗ, ಆ ಅಂಕಿಯೇ ಲೆಕ್ಕಕ್ಕೆ. ಇನ್ನೂ 71 ಆಗಿಲ್ಲದಿದ್ದರೆ ಮೊನೆಯನ್ನು ಸೋಪು, ಬಿಸಿ ನೀರಿನಲ್ಲಿ ತೊಳೆದೇ ಮತ್ತೆ ಚುಚ್ಚಿ. ಹಸಿ ಭಾಗದಿಂದ ಬಂದ ಮೊನೆ ಬೆಂದದ್ದನ್ನು ಮತ್ತೆ ಕೆಡಿಸಬಾರದಲ್ವಾ?

ಕೆಂಡದ ಮೇಲಿನ ಕೋಳಿಯಲ್ಲಿ ಬಣ್ಣ ಎರಡೂ ಕಡೆ ದಾರಿ ತಪ್ಪಿಸುತ್ತದೆ. ಚರ್ಮ ಕಪ್ಪಾಗಿ, ಎದೆ ಬೆಳ್ಳಗಾಗಿದ್ದರೂ ತೊಡೆಯ ಸಂದಿನಲ್ಲಿ 65 ಡಿಗ್ರಿ ಇರಬಹುದು. ಇನ್ನೊಂದು ಕಡೆ, ಪೂರ್ತಿ ಬೆಂದ ಕೋಳಿಯ ಮೂಳೆಯ ಸುತ್ತ ಕೆಂಪು ಉಳಿಯಬಹುದು. ಫಾರಂ ಕೋಳಿಯನ್ನು ಎಳೆಯದರಲ್ಲೇ ಕೊಯ್ಯುತ್ತಾರೆ. ಅದರ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಬಿಸಿಗೆ ಮಜ್ಜೆಯ ಬಣ್ಣ ಹೊರಗೆ ಇಳಿಯುತ್ತದೆ. ಫ್ರೀಜರ್‌ನಲ್ಲಿಟ್ಟ ಕೋಳಿಯಲ್ಲಿ ಇದು ಜಾಸ್ತಿ. ಸೌದೆಯ ಹೊಗೆಯೂ ಚರ್ಮದ ಕೆಳಗೆ ಗುಲಾಬಿ ಪಟ್ಟಿ ಮೂಡಿಸುತ್ತದೆ. ಹೊಗೆಯಲ್ಲಿರುವ ಅನಿಲಗಳು ಮಯೋಗ್ಲೋಬಿನ್ ಜೊತೆ ಸೇರಿ ಆಗುವ ಬಣ್ಣ ಅದು, ಬಿಸಿಗೂ ಹೋಗುವುದಿಲ್ಲ. ಅತಿಥಿಗಳು ಹಸಿ ಅಂತ ವಾಪಸ್ ಕಳಿಸಿದಾಗ ಸುಮ್ನೆ ಮತ್ತೆ ಸುಟ್ಟು ನಾರು ಮಾಡುವ ಬದಲು ಮೊದಲು ಅಳೆಯಿರಿ.

ತೊಡೆ ದೇಹಕ್ಕೆ ಸೇರುವ ಜಾಗದಲ್ಲಿ, ಒಳಮಗ್ಗುಲಿನ ದಪ್ಪ ಮಾಂಸಕ್ಕೆ ಚುಚ್ಚಬೇಕು. ಮೂಳೆಗೆ ತಾಗಿದರೆ ಅಂಕಿ ತಪ್ಪಾಗುತ್ತದೆ, ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳಿ. ಎರಡೂ ತೊಡೆ ನೋಡಿ, ಆಮೇಲೆ ಎದೆಯ ದಪ್ಪ ಭಾಗ. ಕೆಂಡ ಒಂದೇ ಸಮ ಇರುವುದಿಲ್ಲ, ಒಂದು ತೊಡೆ 78 ಇದ್ದು ಇನ್ನೊಂದು 69 ಇರುವುದು ಮಾಮೂಲು. ಹಾಗೆ ಬಂದರೆ ಕಡಿಮೆ ಇರುವ ಮಗ್ಗುಲನ್ನು ಕೆಂಡದ ಕಡೆ ತಿರುಗಿಸಿ. ಉರಿ ಹೆಚ್ಚಿಸಬೇಡಿ, ಚರ್ಮ ಸುಡುತ್ತದೆಯೇ ಹೊರತು ಒಳಗೆ ಬೇಗ ಬೇಯುವುದಿಲ್ಲ. ಮೇಲೆ ದೊಡ್ಡ ಪಾತ್ರೆ ಕವುಚಿ, ನಾಲ್ಕೈದು ನಿಮಿಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 74 ಬರುವ ತನಕ ಕತ್ತರಿಸಲು ಹೋಗಬೇಡಿ.